ಮೂರು ಲಕ್ಷದ ಸಾಲ, ಹನ್ನೊಂದೂವರೆ ಸಾವಿರದ ಪೆಟ್ಟು: ಹಳೇ ಗಾಡಿ ಸಾಲಕ್ಕೆ ನಾನು ದರ ಕಟ್ಟಿದ ಕಥೆ

ನಾನು ಹುಬ್ಬಳ್ಳಿಯ ಒಂದು ಸಣ್ಣ ಫೈನಾನ್ಸ್ ಕಂಪನಿಯಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಛೋಟಾ ಹಾಥಿ, ಪಿಕಪ್ ಇಂಥ ಗಾಡಿಗಳ ಸಾಲ. ಮೊದಲು ಎಲ್ಲರಿಗೂ ಒಂದೇ ದರ, ಶೇ 20. ನಷ್ಟದ ಲೆಕ್ಕ ಹಾಕಿ ದರ ಇಡೋಣ ಅಂದಾಗ ನಮ್ಮ ಸಾಹೇಬರು ನಕ್ಕಿದ್ದರು. 'ಏನ್ರೀ, ಲೆಕ್ಕಾ ಹಾಕಿದ್ರ ಕಂತು ಬರ್ತದೇನ್ರೀ?' ಅಂದರು. ಈಗ ಅವರೇ ಹೊಸ ಸಾಲದ ಫೈಲ್ ಬಂದರೆ ಮೊದಲು ನನ್ನ ಶೀಟ್ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಿರೀಕ್ಷಿತ ನಷ್ಟದ ಸೂತ್ರ EL = PD × LGD × EAD ನಿಮಗೆಲ್ಲ ಗೊತ್ತಿರೋದೇ: ಪಿಡಿ ಅಂದರೆ ಸಾಲ ಕೈಕೊಡುವ ಸಾಧ್ಯತೆ, ಎಲ್‌ಜಿಡಿ ಅಂದರೆ ಕೈಕೊಟ್ಟಾಗ ಬಾಕಿಯಲ್ಲಿ ಮುಳುಗುವ ಪಾಲು, ಇಎಡಿ ಅಂದರೆ ಆಗಿನ ಬಾಕಿ. ಗುಣಾಕಾರದಲ್ಲಿ ಯಾರೂ ತಪ್ಪುವುದಿಲ್ಲ. ನಾನು ಎಡವಿದ್ದು ಆ ಮೂರು ಅಂಕಿಗಳನ್ನು ಎಲ್ಲಿಂದ ತಂದೆ ಅನ್ನೋದರಲ್ಲಿ.

ಮೊದಲ ವರ್ಷ ನಮ್ಮ ಎನ್‌ಪಿಎ ಶೇಕಡಾವಾರನ್ನೇ ಪಿಡಿ ಅಂತ ಇಟ್ಟುಕೊಂಡೆ. ಸುಮಾರು 4 ಇತ್ತು. ಆದರೆ ಆ ವರ್ಷ ನಾವು ಜೋರಾಗಿ ಸಾಲ ಕೊಟ್ಟಿದ್ದೆವು. ಹೊಸ ಸಾಲ ಮೊದಲ ಆರು ತಿಂಗಳು ಚೆನ್ನಾಗೇ ಇರುತ್ತದೆ, ಅಲ್ವಾ? ಹಾಲಿಗೆ ನೀರು ಬೆರೆಸಿದ ಹಾಗೆ ಶೇಕಡಾವಾರು ತೆಳ್ಳಗಾಗಿತ್ತು. ರೈಟ್ ಆಫ್ ಮಾಡಿದ್ದು ಲೆಕ್ಕದಿಂದಲೇ ಹೋಗಿತ್ತು. ಕೊನೆಗೆ ಹಳೇ ಫೈಲ್ ತೆಗೆದು ಕೂತೆ. ತಿಂಗಳುವಾರು, ಕೊಟ್ಟ ತಾರೀಖಿನ ಪ್ರಕಾರ ಸುಮಾರು 600 ಸಾಲ ಜೋಡಿಸಿದೆ. ಮೂರು ವರ್ಷದಲ್ಲಿ ಒಮ್ಮೆಯಾದರೂ ಕಂತು ತಪ್ಪಿಸಿ 90 ದಿನ ದಾಟಿದವರು ನೂರಕ್ಕೆ 14 ಮಂದಿ. ನಾಲ್ಕಲ್ಲ, ಹದಿನಾಲ್ಕು.

ಇಎಡಿಯಲ್ಲೂ ಅದೇ ಆಲಸ್ಯ. ಮೂರು ಲಕ್ಷ, 36 ಕಂತು, ಶೇ 20. ಕಂತು 11,150 ರೂಪಾಯಿ ಹತ್ತಿರ. ನಮ್ಮಲ್ಲಿ ಕೈಕೊಡೋದು ಹೆಚ್ಚಾಗಿ ವರ್ಷದ ಸುಮಾರಿಗೆ. ಕಂತಿನ ಪಟ್ಟಿಯಲ್ಲಿ 12ನೇ ತಿಂಗಳಿಗೆ ಬಾಕಿ 2.19 ಲಕ್ಷ ಅಂತ ಇದೆ, ಅದನ್ನೇ ಹಾಕಿದ್ದೆ. ಆದರೆ 12ನೇ ತಿಂಗಳಲ್ಲಿ 90 ದಿನ ದಾಟಿದವನು 9 ಕಂತು ಮಾತ್ರ ಕಟ್ಟಿರುತ್ತಾನೆ! ಬಿಟ್ಟ ಮೂರು ಕಂತು, ಮೇಲೆ ಅದರ ಬಡ್ಡಿ ಸೇರಿದರೆ ಬಾಕಿ 2.53 ಲಕ್ಷ. ಒಂದೊಂದು ಗಾಡಿ ಮೇಲೆ ಮೂವತ್ತು ಸಾವಿರಕ್ಕೂ ಜಾಸ್ತಿ ಸುಮ್ನೆ ಮರೆತಿದ್ದೆ.

ಎಲ್‌ಜಿಡಿ ನಿಜವಾದ ಪಾಠ ಕಲಿಸಿತು. ಕಂತು ನಿಂತಾಗ ನಾವು ಎತ್ತಿ ತಂದು ಯಾರ್ಡಿನಲ್ಲಿ ನಿಲ್ಲಿಸಿದ ಒಂದು ಗಾಡಿಯ ಲೆಕ್ಕ ಹೇಳುತ್ತೇನೆ. ಯಾರ್ಡ್‌ನಲ್ಲಿ 1.85 ಲಕ್ಷಕ್ಕೆ ಹೋಯಿತು. ಬ್ರಾಂಚಿನವರು 'ಬಾಕಿ 2.19, ಬಂದದ್ದು 1.85, ನಷ್ಟ ಮೂವತ್ನಾಲ್ಕು ಸಾವಿರ' ಅಂತ ಬರೆದು ಮುಗಿಸಿದ್ದರು. ನಾನು ವೋಚರ್ ಹುಡುಕಿದೆ. ಗಾಡಿ ಎತ್ತಿದವರಿಗೆ 8 ಸಾವಿರ. ಯಾರ್ಡ್ ಬಾಡಿಗೆ ದಿನಕ್ಕೆ ನೂರರಂತೆ ನಾಲ್ಕು ತಿಂಗಳು, 12 ಸಾವಿರ. ಪಾಸಿಂಗ್, ಇನ್ಶೂರೆನ್ಸ್, ಬಾಕಿ ಟ್ಯಾಕ್ಸ್ ಸೇರಿ 15 ಸಾವಿರ. ಕೈಗೆ ಉಳಿದದ್ದು ಒಂದೂವರೆ ಲಕ್ಷ, ಅದೂ ಐದು ತಿಂಗಳ ನಂತರ. ಆ ಐದು ತಿಂಗಳ ಬಡ್ಡಿ ಕಳೆದರೆ 1.40 ಲಕ್ಷ. ನಿಜವಾದ ಬಾಕಿ 2.53. ಅಂದರೆ ನೂರಕ್ಕೆ 45 ನಷ್ಟ. ಬ್ರಾಂಚಿನ ಲೆಕ್ಕದಲ್ಲಿ ಅದು 15.

ಖುಷಿಯಿಂದ 14 ಮತ್ತು 45 ಗುಣಿಸಿ ದರ ಏರಿಸಿಬಿಟ್ಟೆ. ಮೂರು ತಿಂಗಳಲ್ಲಿ ಒಳ್ಳೇ ಗಿರಾಕಿಗಳು ಪಕ್ಕದ ಬೀದಿಗೆ ಹೋದರು. ಆಮೇಲೆ ಗೊತ್ತಾಯಿತು ಎಲ್ಲಿ ತಪ್ಪಿದೆ ಅಂತ. 14 ಅನ್ನೋದು 90 ದಿನ ದಾಟಿದವರ ಎಣಿಕೆ. 45 ಅನ್ನೋದು ಗಾಡಿ ಎತ್ತಿದವರ ನಷ್ಟ ಮಾತ್ರ. 90 ದಾಟಿದ ಹತ್ತರಲ್ಲಿ ನಾಲ್ಕು ಮಂದಿ ಹೆಂಡತಿ ಬಳೆ ಅಡವಿಟ್ಟೋ, ಅಣ್ಣನ ಹತ್ತಿರ ಕೈಗಡ ತಂದೋ ಕಟ್ಟಿಬಿಡುತ್ತಾರೆ. ಅವರಲ್ಲಿ ನಷ್ಟ ನೂರಕ್ಕೆ ಐದು. ಐದು ಗಾಡಿ ಯಾರ್ಡಿಗೆ ಬರುತ್ತವೆ. ಒಂದು ಸಿಗೋದೇ ಇಲ್ಲ, ಅದರಲ್ಲಿ ನಷ್ಟ 90. ಎಲ್ಲ ಸೇರಿಸಿದರೆ ಸರಾಸರಿ 33ರ ಹತ್ತಿರ. ಗಾಡಿ ಎತ್ತಿದ್ದನ್ನೇ ಡಿಫಾಲ್ಟ್ ಅಂತ ಎಣಿಸುವುದಾದರೆ ಎರಡಕ್ಕೂ ಅದನ್ನೇ ಇಟ್ಟುಕೊಳ್ಳಬೇಕು. ಅದರ ಪಿಡಿ ಇದರ ಎಲ್‌ಜಿಡಿ ಬೆರೆಸಬಾರದು.

ಈಗ 14%, 33%, 2.5 ಲಕ್ಷ. ಒಂದು ಸಾಲಕ್ಕೆ ನಿರೀಕ್ಷಿತ ನಷ್ಟ ಸುಮಾರು 11,500 ರೂಪಾಯಿ.

ಇದನ್ನು ಬಡ್ಡಿಗೆ ತಿರುಗಿಸುವಾಗ ಇನ್ನೊಂದು ಗುಂಡಿ. ಮೂರು ಲಕ್ಷ, ಮೂರು ವರ್ಷ ಅಂತ ಭಾಗಿಸಿ 'ವರ್ಷಕ್ಕೆ ಒಂದೂಕಾಲು ಸಾಕು' ಅಂದಿದ್ದೆ. ಆದರೆ ಮೂರು ಲಕ್ಷ ಮೂರು ವರ್ಷ ಪೂರ್ತಿ ಅವನ ಹತ್ತಿರ ಎಲ್ಲಿರುತ್ತದೆ? ಪ್ರತಿ ಕಂತಿಗೂ ಕರಗುತ್ತದೆ. ಒಂದು ಲಕ್ಷ ಒಂದು ವರ್ಷ ಅವನ ಹತ್ತಿರ ಇದ್ದರೆ ಅದನ್ನು ಒಂದು ಅಂತ ಎಣಿಸಿದರೆ, ಮೂರು ಮೂರಲೆ ಒಂಬತ್ತು ಇರಬೇಕಾದ ಕಡೆ ಇರೋದು ಐದು. ಕೈಕೊಟ್ಟವನು ನಡುವೆಯೇ ಬಡ್ಡಿ ಕಟ್ಟೋದು ನಿಲ್ಲಿಸುತ್ತಾನೆ, ಅವನ ಪಾಲನ್ನೂ ಉಳಿದವರೇ ಹೊರಬೇಕು. ಆಗ ಐದೂ ಇಲ್ಲ, 4.75. ಅದಕ್ಕೆ ಭಾಗಿಸಿದರೆ ನಷ್ಟದ ಪಾಲು ಶೇ 2.4. ನಾನು ಹಿಡಿದದ್ದಕ್ಕೆ ಹೆಚ್ಚೂಕಮ್ಮಿ ಎರಡು ಪಟ್ಟು. ನಮ್ಮ ಹಣದ ಖರ್ಚು 12, ಆಫೀಸ್ ಮತ್ತು ವಸೂಲಿ ನಾಲ್ಕೂವರೆ, ಬಂಡವಾಳದ ಮೇಲಿನ ಲಾಭ ಒಂದೂವರೆ. ಕೂಡಿದರೆ 20.4. ಸಾಹೇಬರು ಅಂದಾಜಿನಲ್ಲಿ ಇಟ್ಟಿದ್ದ 20 ಅಷ್ಟೇನೂ ತಪ್ಪಿರಲಿಲ್ಲ, ಇದನ್ನು ಹೇಳಿದಾಗ ಅವರಿಗಾದ ಸಂತೋಷ ನೋಡಬೇಕಿತ್ತು.

ತಪ್ಪಿದ್ದದ್ದು ಎಲ್ಲರಿಗೂ ಅದೇ 20 ಅನ್ನೋದು. ಮೊದಲೊಂದು ಸಾಲ ತೀರಿಸಿದವರನ್ನು ಬೇರೆ ಮಾಡಿದರೆ ನಷ್ಟದ ಪಾಲು ಒಂದಕ್ಕಿಂತ ಕಮ್ಮಿ. ಡ್ರೈವರ್ ಆಗಿದ್ದು ಮೊದಲ ಸಲ ಗಾಡಿ ಕೊಳ್ಳುವವರು, ಕೈಯಿಂದ ಹತ್ತು ಪರ್ಸೆಂಟ್ ಹಾಕುವವರು, ಅವರದ್ದು ಐದರ ಮೇಲೆ. ಅವರಿಗೆ 23 ಹಾಕಿ ನೋಡಿದೆ. ಕಂತು ಐನೂರು ಏರಿತು, ಬರೋ ಬಾಡಿಗೆ ಏರಲಿಲ್ಲ. ಪಿಡಿ ಇನ್ನೂ ಮೇಲೆ ಹೋಯಿತು. ಆ ಆರು ತಿಂಗಳಲ್ಲಿ ಏಳೆಂಟು ಲಕ್ಷ ಕಳೆದೆವು.

ಆಮೇಲೆ ದರ ಬಿಟ್ಟು ಸಾಲದ ಮೊತ್ತಕ್ಕೆ ಕೈ ಹಾಕಿದೆ. ಅದೇ ಗಾಡಿಗೆ ಮೂರರ ಬದಲು ಎರಡೂವರೆ ಲಕ್ಷ. ಬಾಕಿ 2.11ಕ್ಕೆ ಇಳಿಯುತ್ತದೆ, ಯಾರ್ಡ್‌ನಿಂದ ಬರುವ 1.40 ಹಾಗೇ ಇರುತ್ತದೆ. ಎತ್ತಿದ ಗಾಡಿಯ ನಷ್ಟ 45ರಿಂದ 34ಕ್ಕೆ. ಕೈಯಿಂದ ಐವತ್ತು ಸಾವಿರ ಹೆಚ್ಚು ಹಾಕಿದವನು ಗಾಡಿಯನ್ನು ಸುಲಭಕ್ಕೆ ಬಿಡೋದಿಲ್ಲ, ಹಾಗಾಗಿ ಪಿಡಿಯೂ ಇಳಿಯಿತು. ಆ ಐವತ್ತು ಸಾವಿರ ಅವನದ್ದೇ ದುಡ್ಡೋ, ಇನ್ನೊಂದು ಕಡೆಯ ಸಾಲವೋ ಅಂತ ಪತ್ತೆ ಮಾಡಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಅವನ್ನು ಇಲ್ಲಿ ಬರೆಯಲ್ಲ. ನಮ್ಮೂರಲ್ಲೇ ಪೈಪೋಟಿ ಇದೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ತರಕಾರಿ ಮಾರ್ಕೆಟ್ ಗಾಡಿ, ಜಲ್ಲಿ ಗಾಡಿ ಅಂತ ಪಿಡಿ ಬೇರೆ ಮಾಡಿದೆ. ಜಲ್ಲಿಯಲ್ಲಿ ಒಟ್ಟು ಮೂವತ್ತು ಸಾಲ, ನಾಲ್ಕು ಕೆಟ್ಟವು. ಒಂದು ಕೆಟ್ಟರೂ ಶೇಕಡಾವಾರು ಮೂರು ಏರುತ್ತಿತ್ತು. ಅದರ ಮೇಲೆ ದರ ಕಟ್ಟೋದು ಜೂಜು. ಬಿಟ್ಟೆ.

ಹೊಸ ಪದ್ಧತಿಯಲ್ಲಿ ಕೊಟ್ಟ ಮೊದಲ 220 ಸಾಲಕ್ಕೆ ಎರಡು ವರ್ಷ ತುಂಬಿತು. ಇಷ್ಟರೊಳಗೆ 17 ಲಕ್ಷ ಹೋಗಬಹುದು ಅಂದಿದ್ದೆ, ಹೋದದ್ದು 15ರ ಆಸುಪಾಸು. ಇದರಲ್ಲಿ ನನ್ನ ಜಾಣತನ ಎಷ್ಟು, ಬಾಡಿಗೆ ಚೆನ್ನಾಗಿದ್ದ ಕಾಲದ ಪುಣ್ಯ ಎಷ್ಟು, ಬಿಡಿಸಿ ಹೇಳೋದು ಕಷ್ಟ. ಬಾಡಿಗೆ ಬಿದ್ದರೆ ಎಲ್ಲರೂ ಒಟ್ಟಿಗೇ ಕೈಕೊಡುತ್ತಾರೆ. ಎಲ್ಲ ಫೈನಾನ್ಸ್‌ನವರ ಗಾಡಿಯೂ ಅದೇ ಯಾರ್ಡಿಗೆ ಬರುತ್ತದೆ, 1.85ರ ಗಾಡಿ ಒಂದೂವರೆಗೂ ಹೋಗಲ್ಲ. ಸೂತ್ರ ಪಿಡಿ ಬೇರೆ, ಎಲ್‌ಜಿಡಿ ಬೇರೆ ಅಂದುಕೊಂಡು ಗುಣಿಸುತ್ತದೆ, ಯಾರ್ಡ್‌ನಲ್ಲಿ ಎರಡೂ ಜೊತೆಗೇ ಏರುತ್ತವೆ. ಅದಕ್ಕೆ ಎಲ್‌ಜಿಡಿ ಮೇಲೆ ಐದು ಪಾಯಿಂಟ್ ಹೆಚ್ಚಿಗೆ ಇಟ್ಟಿದ್ದೇನೆ. ಸಾಹೇಬರಿಗೆ ಅದನ್ನು ತೆಗೆಸಿ ದರ ಇಳಿಸುವ ಆಸೆ. ಹೋದ ವಾರ ಅವರನ್ನು ಯಾರ್ಡಿಗೆ ಕರೆದುಕೊಂಡು ಹೋಗಿ, ಹುಲ್ಲು ಬೆಳೆದು ನಿಂತ ಗಾಡಿಗಳನ್ನು ಎಣಿಸಿ ಅಂದೆ. ಹನ್ನೊಂದರವರೆಗೆ ಎಣಿಸಿ 'ಇರ್ಲಿ ಬಿಡ್ರಿ' ಅಂದರು.