ನಿಮ್ಮ ಉದ್ದ ಹೆಸರನ್ನು ಹೊಸ ಸಹೋದ್ಯೋಗಿಗೆ ಹೇಳಿಕೊಡುವುದು ಹೇಗೆ?

ಲಖನೌದಿಂದ ನಮ್ಮ ಆಫೀಸಿಗೆ ಹೊಸದಾಗಿ ಬಂದವರು ಮೊದಲ ದಿನವೇ ನನ್ನನ್ನು ‘ಹೊಲಲ್ಕರೆ ಜೀ’ ಎಂದು ಕರೆದರು. ಹೊಳಲ್ಕೆರೆ ಚಿತ್ರದುರ್ಗ ಜಿಲ್ಲೆಯಲ್ಲಿರುವ ನಮ್ಮೂರು. ಅವರ ತಪ್ಪಿಲ್ಲ, ಅವರಿಗೆ ಬಂದ ಪಟ್ಟಿಯಲ್ಲಿ ಇದ್ದದ್ದು Holalkere Shivalingappa Mallikarjuna. ಅವತ್ತು ಸಂಜೆಯೇ ಅವರಿಗೊಂದು ಪತ್ರ ಬರೆದೆ. ನೀವೂ ಬರೆಯುವುದಾದರೆ ಈ ಕ್ರಮ ಅನುಕೂಲ.

ಮೊದಲ ಸಾಲಿನಲ್ಲೇ ಏನೆಂದು ಕರೆಯಬೇಕು ಎಂದು ಹೇಳಿಬಿಡಿ. ‘ನನ್ನನ್ನು ಮಲ್ಲಿಕಾರ್ಜುನ ಎಂದು ಕರೆಯಿರಿ. ನಿಮ್ಮ ಜೀ ಇದ್ದ ಹಾಗೆ ನಮ್ಮಲ್ಲಿ ಅವರೇ ಎನ್ನುತ್ತಾರೆ’ ಎಂದು ಬರೆದೆ. ಆಮೇಲೆ ಉಳಿದ ಎರಡು ಹೆಸರು ಯಾರದು ಎಂದು ತಿಳಿಸಿ: ಮೊದಲನೆಯದು ಊರು, ಎರಡನೆಯದು ತಂದೆ, ಕೊನೆಯದು ನಾನು. ಇದರಲ್ಲಿ ಮನೆತನದ ಹೆಸರು ಅಂತ ಯಾವುದೂ ಇಲ್ಲ. ಹೊರಗಿನವರಿಗೆ ಗೊಂದಲವಾಗುವುದು ಇಲ್ಲೇ.

ಮೂರನೆಯದು ಉಚ್ಚಾರ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡಿ. ಇಂಗ್ಲಿಷಿನ a ನೋಡಿದರೆ ಅದು ‘ಅ’ನೋ ‘ಆ’ನೋ ಗೊತ್ತಾಗುವುದಿಲ್ಲ. ಹಾಗಾಗಿ ಅವರ ಭಾಷೆಯ ಪದಗಳನ್ನೇ ಹಿಡಿಯಿರಿ. ಮಲ್-ಲಿ-ಕಾರ್-ಜು-ನ ಎಂದು ಐದು ತುಂಡು ಮಾಡಿದೆ. ‘ಲ್ಲಿ’ಯನ್ನು ದಿಲ್ಲಿಯಲ್ಲಿ ಹೇಳುವ ಹಾಗೆ ಒತ್ತಿ ಹೇಳಬೇಕು. ‘ಕಾ’ ಎಳೆಯಬೇಕು, ಯಾಕೆಂದರೆ ಮಲ್ಲಿಕಾ ಮತ್ತು ಅರ್ಜುನ ಸೇರಿ ಈ ಹೆಸರಾಗಿದೆ. ಇಷ್ಟು ಹೇಳಿದ ಮೇಲೆ ಅವರು ಮತ್ತೆ ‘ಮಲ್ಲಿ ಕರ್ಜುನ್’ ಎನ್ನಲಿಲ್ಲ. ಕೊನೆಯ ‘ನ’ ಹಿಂದಿಯವರ ಬಾಯಲ್ಲಿ ಅರ್ಧವಾಗಿಬಿಡುತ್ತದೆ. ಅದನ್ನು ಪೂರ್ತಿ ಹೇಳಿ, ಆದರೆ ‘ನಾ’ ಎಂದು ಎಳೆಯಬೇಡಿ ಎಂದು ಬರೆದೆ. ನಿಜ ಹೇಳಬೇಕೆಂದರೆ ನಮ್ಮವರೇ ಎಷ್ಟೋ ಜನ ‘ಮಲ್ಲಿಕಾರ್ಜುನ್’ ಎನ್ನುತ್ತಾರೆ, ಅಲ್ವಾ? ಅದಕ್ಕೇ ಈ ಒಂದನ್ನು ನಾನು ತಪ್ಪು ಎನ್ನಲಿಲ್ಲ.

ಹೊಳಲ್ಕೆರೆಯಲ್ಲಿ ‘ಳ’, ‘ಲ’ ಎರಡೂ ಇವೆ. ನಾಲಿಗೆಯ ತುದಿಯನ್ನು ‘ಡ’ ಹೇಳುವ ಜಾಗಕ್ಕೆ ಮಡಚಿ ‘ಲ’ ಎಂದರೆ ‘ಳ’ ಬರುತ್ತದೆ. ಬಂದರೆ ಸಂತೋಷ, ಬರದಿದ್ದರೂ ಕೆಲಸ ನಿಲ್ಲುವುದಿಲ್ಲ.

ಚಿಕ್ಕದು ಮಾಡುವುದಾದರೆ ಹೇಗೆ ಎಂದೂ ಬರೆಯಿರಿ. ಇಲ್ಲವಾದರೆ ಅವರೇ ಒಂದು ಹುಡುಕಿಕೊಳ್ಳುತ್ತಾರೆ. ಮಲ್ಲಿ ಎಂದರೆ ನಮ್ಮ ಕಡೆ ಹುಡುಗಿಯ ಹೆಸರು. ಮಲಿಕ್ ಬೇರೆಯದೇ ಹೆಸರು. ಊರಲ್ಲಿ ನನ್ನನ್ನು ಮಲ್ಲಣ್ಣ ಎನ್ನುತ್ತಾರೆ, ಹಾಗೆ ಕರೆದರೆ ನನಗೆ ಖುಷಿಯೇ.

ಕೊನೆಗೆ, ಮೇಲ್‌ನಲ್ಲಿ ಹೇಗೆ ಬರೆಯಬೇಕೆಂದು ತೋರಿಸಿ: Mallikarjuna H S. ಟಿಕೆಟ್ ಮಾಡಿಸುವಾಗ ಮಾತ್ರ ಗುರುತಿನ ಚೀಟಿಯಲ್ಲಿ ಇದ್ದ ಹಾಗೇ ಪೂರ್ತಿ ಹೆಸರು ಹಾಕಲು ಹೇಳಿ. ಪತ್ರದ ಜೊತೆಗೆ ನಿಮ್ಮ ದನಿಯಲ್ಲಿ ಹೆಸರನ್ನು ಒಮ್ಮೆ ನಿಧಾನಕ್ಕೆ, ಒಮ್ಮೆ ಮಾಮೂಲಿ ವೇಗದಲ್ಲಿ ರೆಕಾರ್ಡ್ ಮಾಡಿ ಕಳಿಸಿ.

ಮೂರನೇ ದಿನ ಅವರು ಟೀ ಕುಡಿಯಲು ಕರೆಯುತ್ತಾ, ‘ಮಲ್ಲಣ್ಣ ಅವರೇ’ ಎಂದರು.