ತೊನ್ನಿನ ಬಗ್ಗೆ ಚುಚ್ಚುಮಾತು ಬಂದಾಗ ನಾನು ಕೊಡುವ ಎರಡು ವಾಕ್ಯದ ಉತ್ತರ

ನನ್ನ ಕೈಗಳ ಮೇಲೆ ಮತ್ತು ತುಟಿಯ ಅಂಚಿನಲ್ಲಿ ತೊನ್ನಿದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದರಿಂದ ಈ ಬಿಳಿ ಮಚ್ಚೆಗಳು ಮೂಡುತ್ತವೆಯೇ ಹೊರತು ಇವು ಮುಟ್ಟಿದರೆ ಅಂಟುವುದಿಲ್ಲ, ಕುಷ್ಠರೋಗಕ್ಕೂ ಇವಕ್ಕೂ ಸಂಬಂಧವಿಲ್ಲ. ಇದು ಗೊತ್ತಿಲ್ಲದವರೂ ಗೊತ್ತಿದ್ದವರೂ ಸಮಾರಂಭಗಳಲ್ಲಿ ನೋಯುವಂತಹ ಮಾತಾಡುತ್ತಾರೆ. ಆಗ ನಾನು ಎರಡೇ ವಾಕ್ಯ ಹೇಳುತ್ತೇನೆ: ಮೊದಲನೆಯದರಲ್ಲಿ ನಿಜಸಂಗತಿ, ಎರಡನೆಯದರಲ್ಲಿ ನಾನು ಮುಂದೆ ಮಾಡಲಿರುವ ಕೆಲಸ.

ನೆಂಟರ ಮನೆಯ ಸೀಮಂತದಲ್ಲಿ ಕೋಸಂಬರಿ ಬಡಿಸುತ್ತಿದ್ದಾಗ ಹಿರಿಯರೊಬ್ಬರು ಎಲೆಗೆ ಕೈ ಅಡ್ಡ ಹಿಡಿದು, "ನಿನ್ನ ಕೈ ನೋಡಿದರೆ ಊಟ ಸೇರುವುದಿಲ್ಲ, ಬೇರೆ ಯಾರನ್ನಾದರೂ ಕಳಿಸಮ್ಮ" ಎಂದರು. ನಾನು ಸೌಟನ್ನು ಪಾತ್ರೆಯೊಳಗೆ ಇಟ್ಟು, ಒಮ್ಮೆ ಉಸಿರು ಬಿಟ್ಟು, ಅವರ ಮುಖ ನೋಡಿಕೊಂಡು, "ಇದು ತೊನ್ನು ಅಜ್ಜಿ, ಯಾರಿಗೂ ಅಂಟುವುದಿಲ್ಲ. ನಿಮಗೆ ಬೇಡವಾದರೆ ಮುಂದಿನ ಎಲೆಗೆ ಬಡಿಸುತ್ತೇನೆ" ಎಂದೆ. ಹಾಗೆಯೇ ಬಡಿಸಿದೆ. ಬೇಡವೆನ್ನುವ ಹಕ್ಕು ಅವರಿಗಿತ್ತು, ಆದರೆ ನನ್ನನ್ನು ಬಡಿಸುವ ಕೆಲಸದಿಂದ ಬಿಡಿಸುವ ಹಕ್ಕು ಇರಲಿಲ್ಲ; ಎರಡನೆಯ ವಾಕ್ಯ ಈ ವ್ಯತ್ಯಾಸವನ್ನು ಜಗಳವಿಲ್ಲದೆ ತಿಳಿಸಿತು. ನಾನು ಆ ಸಾಲಿಗೆ ಪಲ್ಯ ತಂದಾಗ ಅವರು, "ಏನಾದರೂ ಔಷಧಿ ಮಾಡಬಾರದೇ" ಎಂದು ಕೇಳಿದರು. "ಚರ್ಮದ ಡಾಕ್ಟರು ನೋಡುತ್ತಿದ್ದಾರೆ. ಪಲ್ಯ ಹಾಕಲೇ?" ಎಂದೆ. ಅವರು ಹಾಕಿಸಿಕೊಂಡರು.

ವಿವರಣೆಯನ್ನು ಇಷ್ಟಕ್ಕೇ ನಿಲ್ಲಿಸುವುದಕ್ಕೆ ಕಾರಣವಿದೆ. ಯಾವಾಗ ಶುರುವಾಯಿತು, ಯಾವ ಮುಲಾಮು ಹಚ್ಚುತ್ತೇನೆ ಎಂದು ಹೇಳತೊಡಗಿದರೆ, ಮೀನು ತಿಂದು ಹಾಲು ಕುಡಿದದ್ದರಿಂದ ಹೀಗಾಯಿತೆಂಬ ತಪ್ಪು ನಂಬಿಕೆಯಿಂದ ಹಿಡಿದು ನಾಟಿ ಔಷಧಿಯವರೆಗೆ ಎಲ್ಲವೂ ಚರ್ಚೆಗೆ ಬಂದು, ನನ್ನ ಮೈ ಹತ್ತು ಜನರ ವಿಚಾರಣೆಯ ವಸ್ತುವಾಗುತ್ತದೆ. ನನ್ನ ಮೂರನೆಯ ವಾಕ್ಯ "ಯಾಕೆಂದರೆ" ಎಂದು ಶುರುವಾಯಿತೆಂದರೆ ನಾನು ಒಪ್ಪಿಗೆ ಬೇಡುತ್ತಿದ್ದೇನೆ ಎಂದು ನನಗೇ ತಿಳಿಯುತ್ತದೆ, ಅಲ್ಲಿಗೇ ನಿಲ್ಲಿಸುತ್ತೇನೆ. ದನಿ ನಡುಗುವಂತಿದ್ದರೆ ಮೊದಲ ವಾಕ್ಯವೊಂದೇ ಸಾಕು.

ಎದುರಿನವರ ಹಲ್ಲು, ತೂಕ, ವಯಸ್ಸುಗಳ ಮೇಲೆ ತಿರುಗೇಟು ಕೊಡುವುದಿಲ್ಲ. ಕೊಟ್ಟ ಕ್ಷಣದಲ್ಲೇ ಅವರಾಡಿದ ಮಾತು ಮರೆಯಾಗಿ, ಹಿರಿಯರಿಗೆ ನಾನು ಎದುರಾಡಿದ್ದೇ ಸಭೆಯ ಮಾತಾಗುತ್ತದೆ. ನಕ್ಕು ತೇಲಿಸುವುದೂ ಇಲ್ಲ, ಏಕೆಂದರೆ ಆ ನಗುವನ್ನು ಅವರು ಮುಂದುವರಿಸಲು ಅನುಮತಿ ಎಂದುಕೊಳ್ಳುತ್ತಾರೆ.

ಮಕ್ಕಳು ಕೇಳಿದರೆ ಮಾತ್ರ ಈ ಕಟ್ಟುಪಾಡು ಇಲ್ಲ. ಅದು ಬರಿಯ ಕುತೂಹಲ, ಕೈ ಮುಟ್ಟಿ ನೋಡಲು ಬಿಟ್ಟು ವಿವರವಾಗಿ ಹೇಳುತ್ತೇನೆ. ಬೇಕೆಂದೇ ಮತ್ತೆ ಮತ್ತೆ ಚುಚ್ಚುವವರಿಗೆ, "ನನ್ನ ಚರ್ಮದ ವಿಷಯ ಇಲ್ಲಿಗೆ ಸಾಕು" ಎಂದು ಅದೇ ದನಿಯಲ್ಲಿ ಹೇಳಿ ಎದ್ದು ಬೇರೆಡೆ ಕೂರುತ್ತೇನೆ. ಕೆಲಸದ ಜಾಗದಲ್ಲಿ ಹಾಗಾದರೆ, ಆಡಿದ ಮಾತನ್ನು ತಾರೀಖಿನೊಂದಿಗೆ ಬರೆದಿಟ್ಟು ಮೇಲಿನವರಿಗೆ ಲಿಖಿತವಾಗಿ ಕೊಡುತ್ತೇನೆ.