ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ವಿಮಾನದ ಟಿಕೆಟ್ ಓದುವುದು

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನನ್ನದೊಂದು ಚಿಕ್ಕ ಟಿಕೆಟ್ ಬುಕಿಂಗ್ ಅಂಗಡಿ ಇದೆ. ವಿಮಾನದ ಟಿಕೆಟ್ ಕೊಳ್ಳಲು ಬರುವವರು ಈಗ ಕಡಿಮೆ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಮಕ್ಕಳು ಅಲ್ಲಿಂದಲೇ ಟಿಕೆಟ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾರೆ, ತಂದೆತಾಯಿ ಅದನ್ನು ಪ್ರಿಂಟ್ ತೆಗೆಸಲು ನನ್ನ ಬಳಿ ಬರುತ್ತಾರೆ. ಪ್ರಿಂಟ್ ಕೊಡುವ ಮುನ್ನ ಪಾಸ್‌ಪೋರ್ಟ್ ತಂದಿದ್ದೀರಾ ಎಂದು ಕೇಳುವುದು ನನ್ನ ರೂಢಿ. ತಂದಿರದಿದ್ದರೆ ಮತ್ತೆ ಬರಲು ಹೇಳುತ್ತೇನೆ, ಏಕೆಂದರೆ ಪಾಸ್‌ಪೋರ್ಟ್ ಇಲ್ಲದೆ ಅಂತರರಾಷ್ಟ್ರೀಯ ಟಿಕೆಟ್ ಓದಿದರೆ ಅರ್ಧವನ್ನಷ್ಟೇ ಓದಿದ ಹಾಗೆ.

ಬೇಸಿಗೆಯಲ್ಲಿ ಬಂದ ಒಂದು ದಂಪತಿಯ ಟಿಕೆಟನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಹೆಸರು, ದಿನಾಂಕಗಳನ್ನು ಬದಲಿಸಿದ್ದೇನೆ. ವಿದ್ಯಾನಗರದ ಶಿವಲಿಂಗಯ್ಯ ಹಿರೇಮಠ ಮತ್ತು ಗಿರಿಜಮ್ಮ ಎಂದುಕೊಳ್ಳಿ. ಮಗಳಿಗೆ ಹೆರಿಗೆಯ ದಿನ ಹತ್ತಿರವಾಗಿತ್ತು. ಅವಳೇ ಒಂದು ಆನ್‌ಲೈನ್ ಏಜೆನ್ಸಿಯ ಮೂಲಕ ಬೆಂಗಳೂರು, ಫ್ರಾಂಕ್‌ಫರ್ಟ್, ಶಿಕಾಗೊ ಮಾರ್ಗದಲ್ಲಿ ಹೋಗಿ ಬರುವ ಟಿಕೆಟ್ ಮಾಡಿಸಿದ್ದಳು. ಪ್ರಯಾಣಿಕರ ಹೆಸರಿನ ಜಾಗದಲ್ಲಿ ಹೀಗಿತ್ತು:

```
HIREMATH/SHIVALINGAIAHMR
HIREMATH/GIRIJAMRS
```

ಅಯ್ಯನವರು ಮೊದಲು ಗಾಬರಿಯಾದದ್ದು ತಮ್ಮ ಹೆಸರಿನ ಕೊನೆಯ `MR` ನೋಡಿ. "ನನ್ನ ಹೆಸರು ತಪ್ಪಾಗಿದೆಯಲ್ಲಪ್ಪಾ" ಎಂದರು. ಅದು ತಪ್ಪಲ್ಲ. ಟಿಕೆಟ್ ವ್ಯವಸ್ಥೆಯಲ್ಲಿ ಓರೆಗೆರೆಯ ಎಡಕ್ಕೆ ಮನೆತನದ ಹೆಸರು, ಬಲಕ್ಕೆ ಸ್ವಂತ ಹೆಸರು, ಅದಕ್ಕೆ ಅಂಟಿಕೊಂಡಂತೆ ಶ್ರೀ, ಶ್ರೀಮತಿ ಎಂಬುದರ ಗುರುತು ಬರುತ್ತದೆ. ನಡುವೆ ಜಾಗ ಬಿಡದ ಕಾರಣ ಹೆಸರಿನ ಭಾಗದಂತೆ ಕಾಣುತ್ತದೆ, ಅಷ್ಟೇ. ಹಾಗೆಯೇ ಸ್ವಂತ ಹೆಸರಿನಲ್ಲಿ ಎರಡು ಪದಗಳಿದ್ದರೆ ಅವು ಕೂಡಿಕೊಂಡು ಒಂದೇ ಪದವಾಗಿ ಅಚ್ಚಾಗುವುದೂ ಸಾಮಾನ್ಯ. ಅಕ್ಷರಗಳು ಪಾಸ್‌ಪೋರ್ಟಿನಲ್ಲಿರುವ ಕ್ರಮದಲ್ಲೇ ಇದ್ದರೆ ಅದರ ಬಗ್ಗೆ ಚಿಂತೆ ಬೇಡ.

ನಿಜವಾದ ತೊಂದರೆ ಇದ್ದದ್ದು ಗಿರಿಜಮ್ಮನವರ ಸಾಲಿನಲ್ಲಿ. ಪಾಸ್‌ಪೋರ್ಟ್ ಬಿಡಿಸಿದರೆ `Surname` ಎಂಬಲ್ಲಿ ಏನೂ ಇಲ್ಲ, ಖಾಲಿ. `Given Name(s)` ಎಂಬಲ್ಲಿ `GIRIJAMMA` ಎಂದಷ್ಟೇ ಇದೆ. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳ ಪಾಸ್‌ಪೋರ್ಟುಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಊರಿನಲ್ಲಿ ಅವರು ಹಿರೇಮಠದ ಗಿರಿಜಮ್ಮ, ಮನೆಯಲ್ಲಿ ಗಿರಿಜಾ. ಮಗಳು ತಾನು ಹೇಗೆ ಕರೆಯುತ್ತಾಳೋ, ಮನೆತನ ಯಾವುದೋ ಹಾಗೆ ತುಂಬಿದ್ದಾಳೆ. ಆದರೆ ಪಾಸ್‌ಪೋರ್ಟಿನ ಲೆಕ್ಕದಲ್ಲಿ ಹಿರೇಮಠ ಎಂಬುದು ಅವರ ಹೆಸರಿನಲ್ಲೇ ಇಲ್ಲ, ಗಿರಿಜಾ ಎಂಬುದೂ ಅವರಲ್ಲ.

ಆಮೇಲೆ ವೀಸಾ ಪುಟ ನೋಡಿದೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಸ್ವಂತ ಹೆಸರನ್ನೇ ಮನೆತನದ ಜಾಗಕ್ಕೆ ತಂದು, ಸ್ವಂತ ಹೆಸರಿನ ಜಾಗದಲ್ಲಿ `FNU` ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷೇಪ ಅದು. ಅವರ ವೀಸಾದಲ್ಲಿಯೂ ಹಾಗೆಯೇ ಇತ್ತು. ಆದ್ದರಿಂದ ಟಿಕೆಟ್ ಬರಬೇಕಾದದ್ದು `GIRIJAMMA/FNU` ಎಂದು. ಕೆಲವು ವಿಮಾನ ಸಂಸ್ಥೆಗಳು ಇದರ ಬದಲು ಒಂದೇ ಹೆಸರನ್ನು ಎರಡೂ ಕಡೆ ಹಾಕಿಸುತ್ತವೆ. ಯಾವ ಸಂಸ್ಥೆಯ ಪದ್ಧತಿ ಯಾವುದು ಎಂದು ಆ ಸಂಸ್ಥೆಯನ್ನೇ ಕೇಳಬೇಕು. ಆದರೆ ಗಂಡನ ಮನೆತನವನ್ನು ಎರವಲು ತಂದು ಖಾಲಿ ಜಾಗ ತುಂಬುವುದು ಯಾವ ಸಂಸ್ಥೆಯ ಪದ್ಧತಿಯೂ ಅಲ್ಲ. ಅಮೆರಿಕಕ್ಕೆ ಹೋಗುವ ಪ್ರತಿ ಪ್ರಯಾಣಿಕರ ಪೂರ್ಣ ಹೆಸರು, ಹುಟ್ಟಿದ ದಿನ, ಲಿಂಗ ಇವನ್ನು ವಿಮಾನ ಸಂಸ್ಥೆ ಮುಂಚಿತವಾಗಿ ಅಲ್ಲಿನ ಭದ್ರತಾ ಇಲಾಖೆಗೆ ಕಳುಹಿಸಬೇಕು. ಹೀಗಾಗಿ ಬೆಂಗಳೂರಿನ ಕೌಂಟರಿನಲ್ಲಿ ಕುಳಿತವರು ಇದನ್ನು ಕಂಡೂ ಕಾಣದಂತೆ ಬಿಡಲಾರರು.

ದುಬೈ ಕಡೆ ಹೋಗುವವರಿಗೆ ಒಂದು ಮಾತು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರನ್ನು ಭೇಟಿಯ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ನಿಯಮ ತಂದಿತು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿದ್ದರೆ ಒಪ್ಪುವುದಾಗಿ ಆಮೇಲೆ ತಿಳಿಸಿದರು. ಅಂಥವರು ಟಿಕೆಟ್ ಮಾಡುವ ಮೊದಲೇ ಪಾಸ್‌ಪೋರ್ಟ್ ನೋಡಿಸಿಕೊಳ್ಳಬೇಕು.

"ಹಾಗಾದರೆ ಪಾಸ್‌ಪೋರ್ಟನ್ನೇ ಬದಲಾಯಿಸಿಬಿಡೋಣವೇ?" ಎಂದು ಗಿರಿಜಮ್ಮನವರು ಕೇಳಿದರು. "ಬೇಡಮ್ಮಾ, ವೀಸಾ ಈ ಹೆಸರಿಗೇ ಬಂದಿದೆ, ಟಿಕೆಟನ್ನೇ ಸರಿಪಡಿಸಿದರೆ ಸಾಕು" ಎಂದೆ. ಮಗಳಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಟಿಕೆಟ್ ಯಾರು ಕೊಟ್ಟಿದ್ದಾರೋ ಅವರೇ ತಿದ್ದಬೇಕು. ಏಜೆನ್ಸಿಯಿಂದ ಕೊಂಡದ್ದಕ್ಕೆ ವಿಮಾನ ಸಂಸ್ಥೆಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಏಜೆನ್ಸಿಗೇ ಕಳುಹಿಸುತ್ತಾರೆ. ಕೇಳುವಾಗ ಮಾತಿನಲ್ಲಿ ಎಚ್ಚರವಿರಲಿ ಎಂದೂ ಹೇಳಿದೆ. ಹೆಸರು ಬದಲಾವಣೆ ಎಂದರೆ ಬೇರೊಬ್ಬರಿಗೆ ಟಿಕೆಟ್ ವರ್ಗಾಯಿಸಿದಂತೆ, ಅದಕ್ಕೆ ಅವಕಾಶವಿಲ್ಲ. ಅದೇ ವ್ಯಕ್ತಿಯ ಹೆಸರಿನ ತಿದ್ದುಪಡಿ ಎಂದು ಕೇಳಿ, ಪಾಸ್‌ಪೋರ್ಟಿನ ಮತ್ತು ವೀಸಾದ ಪ್ರತಿ ಕಳುಹಿಸಬೇಕು. ಅವಳು ಹಾಗೆಯೇ ಮಾಡಿದಳು. ಶುಲ್ಕ ಕಟ್ಟಿಸಿಕೊಂಡು ಹೊಸ ಟಿಕೆಟ್ ಕೊಟ್ಟರು.

ಹೊಸ ಟಿಕೆಟ್ ಬಂದಾಗ ಅದನ್ನು ಮೊದಲಿನಿಂದ ಓದಬೇಕು. 13 ಅಂಕಿಗಳ ಟಿಕೆಟ್ ಸಂಖ್ಯೆ ಬದಲಾಗಿರುತ್ತದೆ, ಹಳೆಯ ಪ್ರಿಂಟ್ ಕೆಲಸಕ್ಕೆ ಬಾರದು. ಮೊದಲು ಹೇಳಿಟ್ಟಿದ್ದ ಸಸ್ಯಾಹಾರದ ಊಟ, ಗಾಲಿಕುರ್ಚಿ ಇವು ಕೆಲವೊಮ್ಮೆ ಹೊಸದಕ್ಕೆ ಬಂದಿರುವುದಿಲ್ಲ. ಗಿರಿಜಮ್ಮನವರ ಮಂಡಿನೋವಿಗೆ ಬೇಕಿದ್ದ ಗಾಲಿಕುರ್ಚಿ ಹೀಗೆಯೇ ಬಿಟ್ಟುಹೋಗಿತ್ತು, ಮತ್ತೆ ಹಾಕಿಸಿದೆವು. ಕೊನೆಗೆ ವಿಮಾನ ಸಂಸ್ಥೆಯ ಜಾಲತಾಣದಲ್ಲಿ ಆರು ಅಕ್ಷರಗಳ ಪಿಎನ್‌ಆರ್ ಜೊತೆಗೆ ಮನೆತನದ ಹೆಸರಿನ ಜಾಗದಲ್ಲಿ `GIRIJAMMA` ಎಂದು ಹಾಕಿ ನೋಡಿದೆ. ಬುಕಿಂಗ್ ತೆರೆದುಕೊಂಡಿತು. ಏಜೆನ್ಸಿಯವರು ಕೊಡುವ ಬುಕಿಂಗ್ ಸಂಖ್ಯೆ ಬೇರೆ, ಅದನ್ನು ಇಲ್ಲಿ ಹಾಕಿದರೆ ಏನೂ ಸಿಗದು.

ಇನ್ನು ಲಗೇಜು. ಹೋಗುವ ಎರಡೂ ವಿಮಾನಗಳ ಮುಂದೆ `2PC`, ಬರುವ ಎರಡಕ್ಕೂ `1PC` ಎಂದಿತ್ತು. ಮೊದಲ ಪುಟ ನೋಡಿದವರು ಎರಡೂ ಕಡೆಗೆ ಎರಡೆರಡು ಪೆಟ್ಟಿಗೆ ಎಂದೇ ತಿಳಿಯುತ್ತಾರೆ, ಆದ್ದರಿಂದ ಪ್ರತಿ ವಿಮಾನದ ಸಾಲನ್ನೂ ಬೇರೆಯಾಗಿ ನೋಡಬೇಕು. ಕೊಲ್ಲಿ ದೇಶಗಳ ಟಿಕೆಟುಗಳಲ್ಲಿ `30K` ಎಂಬಂತೆ ಒಟ್ಟು ತೂಕ ಇರುವುದು ಹೆಚ್ಚು. ಅಮೆರಿಕದ ದಾರಿಯಲ್ಲಿ ಪೆಟ್ಟಿಗೆಯ ಲೆಕ್ಕ. ಈ ಟಿಕೆಟಿನಲ್ಲಿ ಒಂದೊಂದು 23 ಕಿಲೋ. ಎರಡು ಸೇರಿ 46 ಆಯಿತು ಎಂದು ಒಂದರಲ್ಲಿ 28, ಇನ್ನೊಂದರಲ್ಲಿ 18 ತುಂಬಿದರೆ 28 ಕಿಲೋದ ಪೆಟ್ಟಿಗೆಗೆ ದಂಡ ತೆರಬೇಕು. 32 ಕಿಲೋ ಮೀರಿದ ಪೆಟ್ಟಿಗೆಯನ್ನು ಹಣ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಅಳತೆಗೂ ಮಿತಿಯಿದೆ, ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್. ಬಾಣಂತಿಗೆಂದು ಮೆಂತ್ಯದ ಹಿಟ್ಟು, ಅಳಿಯನಿಗೆಂದು ಮಂಡಕ್ಕಿ ಕಟ್ಟಿಕೊಂಡಿದ್ದರು. ಹಿಟ್ಟು ತೂಕದಲ್ಲಿ ಕೆಡಿಸುತ್ತದೆ, ಮಂಡಕ್ಕಿ ಅಳತೆಯಲ್ಲಿ. ದೊಡ್ಡ ರಟ್ಟಿನ ಪೆಟ್ಟಿಗೆಯ ಬದಲು ಮಂಡಕ್ಕಿಯನ್ನು ಎರಡು ಸೂಟ್‌ಕೇಸುಗಳಿಗೆ ಹಂಚಿಸಿದೆ.

ಹೋಗುವಾಗ ಎರಡು, ಬರುವಾಗ ಒಂದು ಏಕೆ? ಅದಕ್ಕೆ ಉತ್ತರ ದರದ ವರ್ಗದಲ್ಲಿದೆ. ಹೋಗುವ ವಿಮಾನಗಳಿಗೆ `H`, ಬರುವವಕ್ಕೆ `K` ಎಂದು ಒಂದೊಂದು ಅಕ್ಷರವಿತ್ತು. ಎರಡೂ ಎಕಾನಮಿಯೇ, ಕುರ್ಚಿ ಒಂದೇ, ಊಟ ಒಂದೇ. ಒಂದೇ ಎಕಾನಮಿಯ ಕುರ್ಚಿಗಳನ್ನು ಸಂಸ್ಥೆ ಬೇರೆ ಬೇರೆ ದರದ ಗುಂಪುಗಳಾಗಿ ಮಾರುತ್ತದೆ, ಅಕ್ಷರ ಆ ಗುಂಪಿನ ಹೆಸರು. ಒಂದು ಸಂಸ್ಥೆಯ `K` ಇನ್ನೊಂದರ `K` ಆಗಿರಬೇಕೆಂದಿಲ್ಲ. ಅದರ ಪಕ್ಕದಲ್ಲಿ `FARE BASIS` ಎಂಬ ಉದ್ದನೆಯ ಸಂಕೇತ ಇರುತ್ತದೆ, ಅದು ಸಾಮಾನ್ಯವಾಗಿ ಇದೇ ಅಕ್ಷರದಿಂದ ಆರಂಭವಾಗುತ್ತದೆ. ಆ ಸಂಕೇತಕ್ಕೆ ಸೇರಿದ ನಿಯಮಗಳಲ್ಲಿ ನಾನು ಎರಡನ್ನು ಹುಡುಕುತ್ತೇನೆ: ರದ್ದು ಮಾಡಿದರೆ ಹಣ ಬರುತ್ತದೆಯೇ, ದಿನಾಂಕ ಬದಲಿಸಬಹುದೇ. ಇಲ್ಲಿ `NONREF` ಎಂದಿತ್ತು, ಅಂದರೆ ಹಣ ವಾಪಸಿಲ್ಲ. ಶುಲ್ಕ ಕೊಟ್ಟು ದಿನಾಂಕ ಬದಲಿಸಲು ಮಾತ್ರ ಅವಕಾಶವಿತ್ತು. ಹೆರಿಗೆಗೆ ಹೋಗುವ ತಾಯಿಗೆ ಇದೇ ಮುಖ್ಯ, ಏಕೆಂದರೆ ವಾಪಸಾಗುವ ದಿನ ಬಹುತೇಕ ಮುಂದಕ್ಕೆ ಹೋಗುತ್ತದೆ.

ಹೊರಡುವ ಸಾಲಿನಲ್ಲಿ `BLR`, ಮೇ 12, `03:05`, `TERMINAL 2` ಎಂದಿತ್ತು. 2023ರ ಸೆಪ್ಟೆಂಬರ್ 12ರಿಂದ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೆಯ ಟರ್ಮಿನಲ್‌ನಿಂದಲೇ ಹೊರಡುತ್ತವೆ, ಆ ಬಗ್ಗೆ ಗೊಂದಲವಿರಲಿಲ್ಲ. ದಿನಾಂಕದ ಬಗ್ಗೆ ಇತ್ತು. ಅಯ್ಯನವರು 12ರ ಸಂಜೆಗೆ ಕಾರು ಹೇಳಿಟ್ಟಿದ್ದರು. ಬೆಳಗಿನ ಜಾವ 3.05 ಎಂದರೆ ನಮ್ಮ ರೂಢಿಯ ಮಾತಿನಲ್ಲಿ 11ರ ರಾತ್ರಿ. ನಡುರಾತ್ರಿಯ ಹೊತ್ತಿಗೆ ವಿಮಾನ ನಿಲ್ದಾಣದಲ್ಲಿರಬೇಕು. ದಾವಣಗೆರೆಯಿಂದ ಊಟಕ್ಕೆ ನಿಲ್ಲಿಸಿಕೊಂಡು ಆರು ಗಂಟೆ ಹಿಡಿದರೆ 11ರ ಸಂಜೆ 5ಕ್ಕಾದರೂ ಹೊರಡಬೇಕು. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರಿನ ಒಳಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ ಎಂದು ಚಾಲಕನಿಗೂ ಹೇಳಿದೆ. ಟಿಕೆಟಿನಲ್ಲಿರುವ ಸಮಯವೆಲ್ಲ ಆಯಾ ಊರಿನ ಸಮಯ, ಆದ್ದರಿಂದ ಹೊರಟ ಹೊತ್ತು, ತಲುಪುವ ಹೊತ್ತು ಕಳೆದು ಪ್ರಯಾಣದ ಅವಧಿ ಲೆಕ್ಕ ಹಾಕಬಾರದು.

ಶಿಕಾಗೊಗೆ ಹೋಗುವ ಎರಡನೆಯ ವಿಮಾನದ ಕೆಳಗೆ ಸಣ್ಣ ಅಕ್ಷರದಲ್ಲಿ `OPERATED BY` ಎಂದು ಇನ್ನೊಂದು ಸಂಸ್ಥೆಯ ಹೆಸರಿತ್ತು. ಟಿಕೆಟ್ ಮಾರಿದವರು ಒಬ್ಬರು, ವಿಮಾನ ಹಾರಿಸುವವರು ಇನ್ನೊಬ್ಬರು. ಫ್ರಾಂಕ್‌ಫರ್ಟ್‌ನ ಫಲಕಗಳಲ್ಲಿ ಗೇಟನ್ನು ವಿಮಾನ ಸಂಖ್ಯೆಯಿಂದಲೇ ಹುಡುಕಬೇಕೆಂದು ಆ ಸಂಖ್ಯೆಗೆ ಗೆರೆ ಎಳೆದುಕೊಟ್ಟೆ. ಟರ್ಮಿನಲ್ ಮತ್ತು ಸಮಯವನ್ನು ಹೊರಡುವ ಹಿಂದಿನ ದಿನ ಸಂಸ್ಥೆಯ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿದೆ, ಏಕೆಂದರೆ ತಿಂಗಳುಗಳ ಹಿಂದೆ ಅಚ್ಚಾದ ಕಾಗದ ತಾನಾಗಿ ತಿದ್ದಿಕೊಳ್ಳುವುದಿಲ್ಲ.

ಅವರು ಹೋಗಿ ತಲುಪಿದರು. ಆಗಸ್ಟಿನಲ್ಲಿ ಬರಬೇಕಾದವರು ಮೊಮ್ಮಗಳ ನಾಮಕರಣಕ್ಕೆಂದು ಸೆಪ್ಟೆಂಬರಿಗೆ ಮುಂದೂಡಬೇಕಾಯಿತು. ಬೇಕಾದ ದಿನ `K` ಗುಂಪಿನಲ್ಲಿ ಕುರ್ಚಿ ಮುಗಿದಿತ್ತು, `H`ನಲ್ಲಿ ಇತ್ತು. ಹೀಗಾಗಿ ಬದಲಾವಣೆಯ ಶುಲ್ಕದ ಜೊತೆಗೆ ಎರಡು ದರಗಳ ನಡುವಿನ ವ್ಯತ್ಯಾಸವನ್ನೂ ಕಟ್ಟಬೇಕಾಯಿತು. ಮಗಳು ಕಳುಹಿಸಿದ ಹೊಸ ಟಿಕೆಟನ್ನು ನಾನು ಇಲ್ಲಿ ತೆರೆದು ಓದಿದೆ. ಹೆಸರು `GIRIJAMMA/FNU` ಎಂದೇ ಉಳಿದಿತ್ತು, ಗಾಲಿಕುರ್ಚಿ ಇತ್ತು, ಬರುವ ಸಾಲುಗಳಲ್ಲಿ `1PC` ಇದ್ದ ಜಾಗದಲ್ಲಿ `2PC` ಬಂದಿತ್ತು. ಎರಡನೆಯ ಪೆಟ್ಟಿಗೆಗೆ ಬೇರೆ ಹಣ ಕಟ್ಟಬೇಡ ಎಂದು ಆಗಲೇ ಮಗಳಿಗೆ ಫೋನಿನಲ್ಲಿ ತಿಳಿಸಿದೆ.